ಒಂದೇ ಕಿಟಕಿ, ನಾಲ್ಕು ದಿಕ್ಕು: ಸೂರ್ಯನ ದಾರಿ ನೋಡಿ ಸಜ್ಜಾ ಮತ್ತು ಫಿನ್ ಅಳತೆ ಹಾಕುವ ಬಗೆ

ಒಂದು ಕಟ್ಟಡ ಇದೆ ಅಂತ ಇಟ್ಟುಕೊಳ್ಳಿ. ಅದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಾಲ್ಕೂ ಗೋಡೆಗೆ ಲಿಂಟಲ್ ಮಟ್ಟದಲ್ಲಿ 60 ಸೆಂ.ಮೀ. ಸಜ್ಜಾ ಸುತ್ತಲೂ ಓಡಿದೆ. ಕಿಟಕಿಗಳೆಲ್ಲ ಒಂದೇ ಅಳತೆ: 1.5 ಮೀಟರ್ ಅಗಲ, 1.2 ಮೀಟರ್ ಎತ್ತರ. ಮಾರ್ಚ್ 21ರ ಸಂಜೆ 4 ಗಂಟೆಗೆ ಹೊರಗೆ ಬಂದು ನೋಡಿ. ದಕ್ಷಿಣದ ಕಿಟಕಿ ಪೂರ್ತಿ ನೆರಳಲ್ಲಿದೆ. ಮೂಲೆ ತಿರುಗಿ ಪಶ್ಚಿಮಕ್ಕೆ ಬಂದರೆ ಲಿಂಟಲ್‌ನಿಂದ ಕೆಳಗೆ ಬರೀ 33 ಸೆಂ.ಮೀ. ನೆರಳು. ಉಳಿದ 87 ಸೆಂ.ಮೀ. ಗಾಜಿನ ಮೇಲೆ ಬಿಸಿಲು ಬಿದ್ದಿದೆ.

ಸಜ್ಜಾ ಅದೇ, ಗಂಟೆ ಅದೇ, ಆಕಾಶದಲ್ಲಿ ಸೂರ್ಯನ ಎತ್ತರವೂ ಅದೇ. ಆದರೂ ಇಷ್ಟು ವ್ಯತ್ಯಾಸ ಯಾಕೆ? ಈ ಲೇಖನ ಪೂರ್ತಿ ಇದರ ಮೇಲೇ ನಿಂತಿದೆ. ಇದೇ ಕಿಟಕಿಯನ್ನು ಒಂದೊಂದು ಗೋಡೆಗೂ ಇಟ್ಟು ಲೆಕ್ಕ ಹಾಕೋಣ. ನಿಮ್ಮ ಅಕ್ಷಾಂಶ ಬೇರೆ ಇದ್ದರೆ ಅಂಕಿಗಳು ಬದಲಾಗುತ್ತವೆ, ದಾರಿ ಇದೇ. ಭೂಮಧ್ಯರೇಖೆಯ ದಕ್ಷಿಣಕ್ಕಿದ್ದರೆ ಉತ್ತರ ದಕ್ಷಿಣವನ್ನು ಅದಲು ಬದಲು ಮಾಡಿ, ತಾರೀಖನ್ನು ಆರು ತಿಂಗಳು ಸರಿಸಿಕೊಳ್ಳಿ.

ಗೋಡೆ ನೋಡುವ ಸೂರ್ಯ

ಸೂರ್ಯ ಎಲ್ಲಿದ್ದಾನೆ ಅನ್ನೋದಕ್ಕೆ ಎರಡು ಕೋನ ಸಾಕು. ನೆಲದಿಂದ ಎಷ್ಟು ಮೇಲಿದ್ದಾನೆ ಅನ್ನೋದು ಎತ್ತರದ ಕೋನ. ಉತ್ತರದಿಂದ ಗಡಿಯಾರದ ಮುಳ್ಳಿನಂತೆ ಸುತ್ತಿದರೆ ಎಷ್ಟು ಡಿಗ್ರಿಯಲ್ಲಿದ್ದಾನೆ ಅನ್ನೋದು ದಿಕ್ಕಿನ ಕೋನ. ನಿಮ್ಮ ಊರಿನ ಅಕ್ಷಾಂಶ, ತಾರೀಖು, ಗಂಟೆ ಕೊಟ್ಟರೆ ಸೂರ್ಯಪಥದ ಚಾರ್ಟ್ ಇವೆರಡನ್ನೂ ಹೇಳುತ್ತದೆ.

ತುಂಬಾ ಜನ ಎತ್ತರದ ಕೋನವನ್ನೇ ತಗೊಂಡು ಸಜ್ಜಾ ಅಳತೆ ಹಾಕಿಬಿಡುತ್ತಾರೆ. ತಪ್ಪು ಶುರುವಾಗೋದು ಅಲ್ಲೇ. ಗೋಡೆಗೆ ಬೇಕಾಗಿರೋದು ಆಕಾಶದ ಎತ್ತರ ಅಲ್ಲ. ತನ್ನ ಎದುರಿನಿಂದ ನೋಡಿದಾಗ ಸೂರ್ಯ ಎಷ್ಟು ಮೇಲೆ ಕಾಣುತ್ತಾನೆ ಅನ್ನೋದು.

ಕಟ್ಟಡವನ್ನು ಕಿಟಕಿಯ ಮಧ್ಯದಲ್ಲಿ ಸೀಳಿ ಪಕ್ಕದಿಂದ ನೋಡುವ ಸೆಕ್ಷನ್ ಚಿತ್ರ ನೆನಪಿಸಿಕೊಳ್ಳಿ. ಆ ಚಿತ್ರದಲ್ಲಿ ಬಿಸಿಲಿನ ಗೆರೆ ಯಾವ ಕೋನದಲ್ಲಿ ಇಳಿಯುತ್ತದೋ ಅದು ಲಂಬ ನೆರಳು ಕೋನ. ಹಾಗೇ ಮೇಲಿನಿಂದ ನೋಡುವ ಪ್ಲಾನ್ ಚಿತ್ರದಲ್ಲಿ ಗೋಡೆಯ ನೇರ ಎದುರಿನಿಂದ ಸೂರ್ಯ ಎಷ್ಟು ಪಕ್ಕಕ್ಕೆ ಸರಿದಿದ್ದಾನೆ ಅನ್ನೋದು ಅಡ್ಡ ನೆರಳು ಕೋನ. ಫಿನ್ ಅಂದರೆ ಗೋಡೆಯಿಂದ ಹೊರಗೆ ಚಾಚಿ ನೆಟ್ಟಗೆ ನಿಲ್ಲುವ ಪಟ್ಟಿ. ಸಜ್ಜಾದ ಆಳ ಮೊದಲನೆಯದರಿಂದ, ಫಿನ್ ಆಳ ಎರಡನೆಯದರಿಂದ ಬರುತ್ತದೆ.

```
HSA = AZ - WALL
tan(VSA) = tan(ALT) / cos(HSA)
D = H / tan(VSA)
F = S / tan(HSA)
E = D * tan(HSA)
```

ಇಲ್ಲಿ `ALT` ಸೂರ್ಯನ ಎತ್ತರದ ಕೋನ, `AZ` ದಿಕ್ಕಿನ ಕೋನ. `WALL` ಗೋಡೆ ಮುಖ ಮಾಡಿರುವ ದಿಕ್ಕು: ಪೂರ್ವ 90, ದಕ್ಷಿಣ 180, ಪಶ್ಚಿಮ 270, ಉತ್ತರಕ್ಕೆ ಬೆಳಿಗ್ಗೆಯಾದರೆ 0, ಮಧ್ಯಾಹ್ನದ ಮೇಲಾದರೆ 360. `HSA` ಅಡ್ಡ ನೆರಳು ಕೋನ, `VSA` ಲಂಬ ನೆರಳು ಕೋನ. `H` ಅಂದರೆ ಸಜ್ಜಾದ ತಳದಿಂದ ಕಿಟಕಿಯ ಕೆಳ ಅಂಚಾದ ಸಿಲ್‌ವರೆಗಿನ ಎತ್ತರ, `D` ಸಜ್ಜಾದ ಆಳ. `S` ಫಿನ್‌ಗಳ ನಡುವಿನ ಅಂತರ, `F` ಫಿನ್ ಆಳ. `E` ಅಂದರೆ ಸಜ್ಜಾ ಕಿಟಕಿಯ ಅಂಚು ದಾಟಿ ಪಕ್ಕಕ್ಕೆ ಎಷ್ಟು ಹೋಗಬೇಕು ಅನ್ನೋದು. `HSA` 90 ಡಿಗ್ರಿ ದಾಟಿದರೆ ಸೂರ್ಯ ಗೋಡೆಯ ಹಿಂದಿದ್ದಾನೆ, ಲೆಕ್ಕ ಬೇಡ. ಮೈನಸ್ ಬಂದರೆ ಇನ್ನೊಂದು ಪಕ್ಕದಲ್ಲಿದ್ದಾನೆ ಅಂತ, ಅಷ್ಟೇ.

ಅಂಕಿ ಹಿಡಿಯುವ ಮುಂಚೆ

ಮೊದಲು ಗೋಡೆಯ ದಿಕ್ಕು ಸರಿಯಾಗಿ ಗೊತ್ತಿರಬೇಕು. ದಿಕ್ಸೂಚಿ ತೋರಿಸೋದು ಕಾಂತೀಯ ಉತ್ತರ. ಕೆಲವು ಪ್ರದೇಶಗಳಲ್ಲಿ ಅದು ನಿಜ ಉತ್ತರದಿಂದ 10 ಡಿಗ್ರಿಗೂ ಜಾಸ್ತಿ ದೂರ ಇರುತ್ತದೆ. ನನಗೆ ಇವತ್ತಿಗೂ ನಂಬಿಕೆ ಇರೋದು ಕೋಲಿನ ಮೇಲೆ. ಸಮತಟ್ಟಾದ ನೆಲದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಅದರ ಸುತ್ತ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ಕುಗ್ಗುತ್ತಾ ಬಂದು ವೃತ್ತವನ್ನು ಮುಟ್ಟುವ ಜಾಗಕ್ಕೆ ಗುರುತು ಹಾಕಿ. ಮಧ್ಯಾಹ್ನದ ಮೇಲೆ ನೆರಳು ಬೆಳೆದು ಮತ್ತೆ ವೃತ್ತ ಮುಟ್ಟುವ ಜಾಗಕ್ಕೂ ಗುರುತು ಹಾಕಿ. ಎರಡನ್ನೂ ಸೇರಿಸಿದರೆ ಅದೇ ಪೂರ್ವ ಪಶ್ಚಿಮ ಗೆರೆ. ಒಂದು ದಿನ ಹೋಗುತ್ತದೆ, ಆದರೆ ಗೋಡೆ 5 ಡಿಗ್ರಿ ತಿರುಗಿದ್ದರೂ ಗೊತ್ತಾಗುತ್ತದೆ.

ಎರಡನೆಯದು ಗಂಟೆ. ಇಲ್ಲಿ ಹೇಳುವ ಗಂಟೆಗಳೆಲ್ಲ ಸೌರ ಸಮಯ, ಅಂದರೆ ಸೂರ್ಯ ನಡುಗೆರೆ ದಾಟುವಾಗ 12. ಕೈಗಡಿಯಾರ ಬೇರೆ ಹೇಳುತ್ತದೆ. ಪ್ರಮಾಣ ಸಮಯದ ರೇಖಾಂಶದಿಂದ ಪ್ರತಿ ಡಿಗ್ರಿಗೂ 4 ನಿಮಿಷ ವ್ಯತ್ಯಾಸ. ಅದರ ಮೇಲೆ ತಾರೀಖಿಗೆ ತಕ್ಕಂತೆ ಸುಮಾರು 16 ನಿಮಿಷದವರೆಗೆ ಏರುಪೇರು. ಚಾರ್ಟ್ ಯಾವ ಸಮಯದಲ್ಲಿದೆ ಅಂತ ನೋಡದೆ ಅಂಕಿ ತಗೊಂಡರೆ ಪಶ್ಚಿಮದ ಗೋಡೆಯಲ್ಲಿ ಲೆಕ್ಕ ಕೆಡುತ್ತದೆ, ಯಾಕಂದ್ರೆ ಅಲ್ಲಿ ಅರ್ಧ ಗಂಟೆಗೇ ಸೂರ್ಯ ಬಹಳ ಇಳಿದಿರುತ್ತಾನೆ.

ಮೂರನೆಯದು ನಿಮ್ಮ ತೀರ್ಮಾನ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಬಿಸಿಲು ಬೇಡ? ಇದನ್ನು ಯಾವ ಸೂತ್ರವೂ ಹೇಳಲ್ಲ. ಒಂದು ತೊಡಕು ನೆನಪಿರಲಿ. ಸೂರ್ಯನ ದಾರಿ ವರ್ಷಕ್ಕೆ ಎರಡು ಸಲ ಒಂದೇ ಇರುತ್ತದೆ. ಫೆಬ್ರವರಿ 20ರ ದಾರಿಯೇ ಅಕ್ಟೋಬರ್ 22ರದ್ದು. ಆದರೆ ಆ ಎರಡು ದಿನಗಳ ಸೆಕೆ ಒಂದೇ ಇರಬೇಕಿಲ್ಲ. ಚಳಿ ಪ್ರದೇಶದಲ್ಲಿ ಮಾರ್ಚ್‌ನಲ್ಲಿ ಬಿಸಿಲು ಬೇಕು, ಸೆಪ್ಟೆಂಬರ್‌ನಲ್ಲಿ ಬೇಡ. ಕಾಂಕ್ರೀಟ್ ಸಜ್ಜಾ ಎರಡಕ್ಕೂ ಒಂದೇ ನೆರಳು ಕೊಡುತ್ತದೆ. ಅಂಥ ಕಡೆ ಮಡಚುವ ಅಥವಾ ತಿರುಗುವ ವ್ಯವಸ್ಥೆ ಬೇಕು, ಇಲ್ಲಾಂದ್ರೆ ಎಲೆ ಉದುರಿಸುವ ಬಳ್ಳಿ.

ನಮ್ಮ ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ: ದಕ್ಷಿಣದಲ್ಲಿ ಫೆಬ್ರವರಿ 20ರಿಂದ ಅಕ್ಟೋಬರ್ 22ರವರೆಗೆ, ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಗಾಜಿಗೆ ನೇರ ಬಿಸಿಲು ಬೀಳಬಾರದು.

ದಕ್ಷಿಣ: ಸಜ್ಜಾದ ಗೋಡೆ

ದಕ್ಷಿಣದ ಗೋಡೆಗೆ ಒಂದು ಚೆಂದದ ಗುಣ ಇದೆ. ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರಂದು, ಅಂದರೆ ಹಗಲು ರಾತ್ರಿ ಸಮವಾಗುವ ದಿನ, ಸೂರ್ಯ ಏರಲಿ ಇಳಿಯಲಿ, ಲಂಬ ನೆರಳು ಕೋನ ದಿನವಿಡೀ ಒಂದೇ. 90ರಿಂದ ಅಕ್ಷಾಂಶ ಕಳೆದರೆ ಬರುವಷ್ಟು. ನಮ್ಮಲ್ಲಿ 75 ಡಿಗ್ರಿ. ಆದ್ದರಿಂದ ಆ ದಿನಕ್ಕೆ ಬೇಕಾದ ಸಜ್ಜಾ ಬಾಯಲ್ಲೇ ಲೆಕ್ಕ ಹಾಕಬಹುದು: ಎತ್ತರ ಗುಣಿಸು ಅಕ್ಷಾಂಶದ ಟ್ಯಾನ್. 1.2 × 0.268, ಅಂದರೆ 32 ಸೆಂ.ಮೀ. 40 ಡಿಗ್ರಿ ಅಕ್ಷಾಂಶದಲ್ಲಿ ಇದೇ ಕಿಟಕಿಗೆ 1 ಮೀಟರ್ ಬೇಕು. ಶುರುವಿನಲ್ಲಿ ನೋಡಿದ 60 ಸೆಂ.ಮೀ. ಸಜ್ಜಾ ದಕ್ಷಿಣದಲ್ಲಿ ಸಂಜೆ 4ಕ್ಕೂ ಗೆದ್ದದ್ದು ಇದರಿಂದಲೇ.

ನಮ್ಮ ಗಡಿ ಇನ್ನೂ ಆಚೆ, ಫೆಬ್ರವರಿ 20ಕ್ಕೆ ಇದೆ. ಆ ದಿನ ಮಧ್ಯಾಹ್ನ 12ಕ್ಕೆ ಸೂರ್ಯ 64 ಡಿಗ್ರಿ ಮೇಲಿದ್ದಾನೆ, ಗೋಡೆಯ ನೇರ ಎದುರಿಗಿದ್ದಾನೆ. 1.2ನ್ನು 2.05ರಿಂದ ಭಾಗಿಸಿದರೆ 59 ಸೆಂ.ಮೀ. ಬೆಳಿಗ್ಗೆ 9ಕ್ಕೆ ಎತ್ತರದ ಕೋನ 38.4 ಡಿಗ್ರಿಗೆ ಇಳಿದಿದೆ. ಸುಮ್ನೆ ಅದನ್ನೇ ಹಾಕಿದರೆ 1.5 ಮೀಟರ್ ಸಜ್ಜಾ ಬೇಕು ಅಂತ ಬರುತ್ತದೆ, ಗಾಬರಿ ಬೀಳುತ್ತೇವೆ. ಆದರೆ ಆಗ ಸೂರ್ಯ ಪಕ್ಕಕ್ಕೆ 62.3 ಡಿಗ್ರಿ ಸರಿದಿದ್ದಾನೆ. ಸೂತ್ರಕ್ಕೆ ಹಾಕಿದರೆ ಲಂಬ ನೆರಳು ಕೋನ 59.6 ಡಿಗ್ರಿ, ಸಜ್ಜಾ ಬರೀ 70 ಸೆಂ.ಮೀ. ಕೋನ ಸರಿಯಾಗಿ ತಗೊಂಡದ್ದಕ್ಕೆ 80 ಸೆಂ.ಮೀ. ಕಾಂಕ್ರೀಟ್ ಉಳಿಯಿತು.

ಸರಿ, 70 ಸೆಂ.ಮೀ. ಅಂತ ನಿರ್ಧಾರ ಮಾಡೋಣ. ಇದೇ ಸಜ್ಜಾ ಡಿಸೆಂಬರ್ 21ರ ಮಧ್ಯಾಹ್ನ ಏನು ಮಾಡುತ್ತದೆ? ಆಗ ಸೂರ್ಯ 51.5 ಡಿಗ್ರಿಯಲ್ಲಿರುತ್ತಾನೆ, ನೆರಳು 88 ಸೆಂ.ಮೀ. ಇಳಿಯುತ್ತದೆ. ಸಿಲ್ ಹತ್ತಿರ 32 ಸೆಂ.ಮೀ. ಬಿಸಿಲು ಒಳಗೆ ಬರುತ್ತದೆ. ಅದು ಬೇಡ ಅಂದರೆ ಮಧ್ಯಾಹ್ನಕ್ಕೆ 95 ಸೆಂ.ಮೀ., ಬೆಳಿಗ್ಗೆ 9ಕ್ಕೂ ಸೇರಿಸಿ ಬೇಕಾದರೆ 1.27 ಮೀಟರ್ ಹೋಗಬೇಕು. ನನ್ನ ಪ್ರಕಾರ ಡಿಸೆಂಬರ್‌ನ ಆ ಒಂದು ಪಟ್ಟಿ ಬಿಸಿಲಿಗೆ ಅಷ್ಟು ಖರ್ಚು ಮಾಡೋದು ಬೇಡ.

ಈಗ ಜಾಸ್ತಿ ಜನ ಮರೆಯುವ ವಿಷಯ: ಸಜ್ಜಾದ ಉದ್ದ. ಕಿಟಕಿ 1.5 ಮೀಟರ್ ಅಗಲ, ಸಜ್ಜಾವನ್ನೂ ಸರಿಯಾಗಿ 1.5 ಮೀಟರ್‌ಗೇ ನಿಲ್ಲಿಸಿದಿರಿ ಅನ್ನಿ. ಬೆಳಿಗ್ಗೆ 9ಕ್ಕೆ ಸೂರ್ಯ ಪೂರ್ವದ ಕಡೆ ಇದ್ದಾನೆ, ನೆರಳು ಪಶ್ಚಿಮಕ್ಕೆ ಜಾರುತ್ತದೆ. ಸಜ್ಜಾದ ಮುಂದಿನ ಮೂಲೆಯ ನೆರಳು ಕೆಳಗೆ 1.2 ಮೀಟರ್ ಇಳಿಯುವಾಗ ಪಕ್ಕಕ್ಕೆ 1.34 ಮೀಟರ್ ಹೋಗುತ್ತದೆ. ಅಂದರೆ ಕಿಟಕಿಯ ಪೂರ್ವದ ಕಡೆ 1.34 ಅಗಲ, 1.2 ಎತ್ತರದ ಒಂದು ತ್ರಿಕೋನ ಬಿಸಿಲಲ್ಲೇ ಉಳಿಯಿತು. ಗಾಜಿನ ಶೇಕಡಾ 45 ಭಾಗ! ಆಳ ಲೆಕ್ಕ ಹಾಕಿ ತೆಗೆದ 70 ಸೆಂ.ಮೀ. ಅರ್ಧ ಕೆಲಸ ಅಷ್ಟೇ ಮಾಡಿತು. ಎರಡೂ ಕಡೆ 30 ಸೆಂ.ಮೀ. ಉದ್ದ ಜಾಸ್ತಿ ಮಾಡಿದರೆ ಬಿಸಿಲಿನ ಪಾಲು ಶೇಕಡಾ 27ಕ್ಕೆ ಇಳಿಯುತ್ತದೆ. ಪೂರ್ತಿ ಹೋಗಬೇಕಾದರೆ ಎರಡೂ ಕಡೆ 1.34 ಮೀಟರ್ ಚಾಚಬೇಕು.

ಕಿಟಕಿಗಳು ಸಾಲಾಗಿದ್ದರೆ ಗೋಡೆಯುದ್ದಕ್ಕೂ ಒಂದೇ ಸಜ್ಜಾ ಓಡಿಸಿ, ಸಮಸ್ಯೆ ಮುಗಿಯಿತು. ಒಂಟಿ ಕಿಟಕಿಯಾದರೆ ಎರಡೂ ಅಂಚಿನಲ್ಲಿ ಸಜ್ಜಾದಷ್ಟೇ ಆಳದ, ಅಂದರೆ 70 ಸೆಂ.ಮೀ. ಫಿನ್ ಇಳಿಬಿಡಿ. ಪೆಟ್ಟಿಗೆಯ ಹಾಗೆ ಆಗುತ್ತದೆ. ಸೂರ್ಯನ ಕಿರಣ ಒಂದೋ ಸಜ್ಜಾಗೆ ತಾಗುತ್ತದೆ, ಇಲ್ಲಾ ಪಕ್ಕದ ಫಿನ್‌ಗೆ.

70 ಸೆಂ.ಮೀ. ಚಾಚು ಭಾರ ಅನ್ನಿಸಿದರೆ ಅದನ್ನು ಒಡೆಯಬಹುದು. ಮುಖ್ಯವಾದದ್ದು ಆಳಕ್ಕೂ ಎತ್ತರಕ್ಕೂ ಇರುವ ಅನುಪಾತ. ಲಿಂಟಲ್‌ನಲ್ಲಿ 35 ಸೆಂ.ಮೀ., 60 ಸೆಂ.ಮೀ. ಕೆಳಗೆ ಇನ್ನೊಂದು 35 ಸೆಂ.ಮೀ. ಪಟ್ಟಿ ಕೊಟ್ಟರೂ ಅದೇ ನೆರಳು. ಗಾಜು ಗೋಡೆಯ ಹೊರಮುಖಕ್ಕಿಂತ 15 ಸೆಂ.ಮೀ. ಒಳಗೆ ಕೂತಿದ್ದರೆ ಆ 15 ಕೂಡ ಲೆಕ್ಕಕ್ಕೆ ಬರುತ್ತದೆ, ಯಾಕಂದ್ರೆ ಆಳವನ್ನು ಗಾಜಿನಿಂದ ಅಳೆಯಬೇಕು. ಆಗ ಹೊರಗೆ 55 ಸಾಕು.

ಆದರೆ `H` ಅಳೆಯುವಾಗ ಹುಷಾರು. ನಾನೇ ಒಮ್ಮೆ ಲಿಂಟಲ್‌ನಿಂದ ಸಿಲ್‌ವರೆಗೆ ಅಳೆದು ಸಜ್ಜಾ ಆಳ ಕೊಟ್ಟೆ. ಕೆಲಸ ನಡೆಯುವಾಗ ಸಜ್ಜಾ 20 ಸೆಂ.ಮೀ. ಮೇಲೆ, ಬೀಮ್ ಮಟ್ಟಕ್ಕೆ ಹೋಯಿತು. ಆಳ ಹಾಗೇ ಉಳಿಯಿತು. ಮುಂದಿನ ಫೆಬ್ರವರಿಯಲ್ಲಿ ಸಿಲ್ ಮೇಲೆ ಸರಿಯಾಗಿ 20 ಸೆಂ.ಮೀ. ಅಗಲದ ಬಿಸಿಲಿನ ಪಟ್ಟಿ ಬಿತ್ತು, ಕಿಟಕಿ ಪಕ್ಕದ ಮೇಜಿನವರೆಗೂ ಬಂತು. ಸಜ್ಜಾ ಮೇಲೆ ಹೋದರೆ ಆಳವನ್ನೂ ಬೆಳೆಸಬೇಕು: 1.4 ಮೀಟರ್‌ಗೆ 82 ಸೆಂ.ಮೀ. ಈಗ ನಾನು ಸೆಕ್ಷನ್ ಚಿತ್ರದಲ್ಲಿ ಸಜ್ಜಾದ ತಳದಿಂದ ಸಿಲ್‌ಗೆ ಗೆರೆ ಎಳೆದು ಅಲ್ಲೇ `H` ಅಂತ ಬರೆಯುತ್ತೇನೆ.

ಉತ್ತರ: ಸುಮ್ನೆ ಬಿಡುವಂಥದ್ದಲ್ಲ

ಉತ್ತರಕ್ಕೆ ಬಿಸಿಲೇ ಬರಲ್ಲ ಅನ್ನೋ ಮಾತು ದೂರದ ಅಕ್ಷಾಂಶಗಳಿಂದ ಬಂದದ್ದು. ಅಲ್ಲೂ ಬೇಸಿಗೆಯ ಬೆಳಿಗ್ಗೆ ಸಂಜೆ ಬರುತ್ತದೆ, ಬಿಡಿ. 15 ಡಿಗ್ರಿಯಲ್ಲಂತೂ ಮೇ ಶುರುವಿನಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನವೇ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ.

ಜೂನ್ 21 ತಗೊಳ್ಳಿ. ಮಧ್ಯಾಹ್ನ ಲಂಬ ನೆರಳು ಕೋನ 81.5 ಡಿಗ್ರಿ, 18 ಸೆಂ.ಮೀ. ಸಜ್ಜಾ ಸಾಕು. 3 ಗಂಟೆಗೆ 73.5 ಡಿಗ್ರಿ, 36 ಸೆಂ.ಮೀ. 5 ಗಂಟೆಗೆ 46 ಡಿಗ್ರಿಗೆ ಬೀಳುತ್ತದೆ, 1.17 ಮೀಟರ್ ಬೇಕಾಗುತ್ತದೆ. ಇಲ್ಲಿ ಸಜ್ಜಾ ಬೆಳೆಸುತ್ತಾ ಹೋಗಬಾರದು. ಅಡ್ಡ ನೆರಳು ಕೋನ ನೋಡಿ: 3 ಗಂಟೆಗೆ 72, 5 ಗಂಟೆಗೆ 70. ಸೂರ್ಯ ಗೋಡೆಯನ್ನು ಸವರಿಕೊಂಡು ಪಕ್ಕದಿಂದ ಬರುತ್ತಿದ್ದಾನೆ. ಪಕ್ಕದಿಂದ ಬರುವವನನ್ನು ತಡೆಯೋದು ಫಿನ್.

ಕಿಟಕಿಯ ಎರಡು ಅಂಚಿಗೆ ಒಂದೊಂದು, ನಡುವೆ ಒಂದು ಫಿನ್ ಕೊಟ್ಟರೆ ಅಂತರ 75 ಸೆಂ.ಮೀ. ಅದನ್ನು 70 ಡಿಗ್ರಿಯ ಟ್ಯಾನ್‌ನಿಂದ ಭಾಗಿಸಿದರೆ 27 ಸೆಂ.ಮೀ. ಆಳ. 5 ಗಂಟೆಯ ನಂತರ ಕೋನ ಇನ್ನೂ ಸ್ವಲ್ಪ ಇಳಿಯುತ್ತದೆ, ಆದ್ದರಿಂದ 30 ಸೆಂ.ಮೀ. ಮಾಡಿ. ಮೇಲೆ 36 ಸೆಂ.ಮೀ. ಸಜ್ಜಾ. ಮಧ್ಯಾಹ್ನಕ್ಕೆ ಸಜ್ಜಾ, ಬೆಳಿಗ್ಗೆ ಸಂಜೆಗೆ ಫಿನ್, ಉತ್ತರದ ಕೆಲಸ ಮುಗಿಯಿತು.

ಪಶ್ಚಿಮ: ಎದುರಿಗೇ ಬಂದು ನಿಲ್ಲುವ ಸೂರ್ಯ

ಈಗ ನಿಜವಾದ ಕಷ್ಟಕ್ಕೆ ಬರೋಣ. ಮಾರ್ಚ್ 21ಕ್ಕೆ ಪಶ್ಚಿಮದ ಕಿಟಕಿಗೆ ಬೇಕಾದ ಸಜ್ಜಾ ಗಂಟೆಗಂಟೆಗೂ ಹೀಗೆ ಬೆಳೆಯುತ್ತದೆ: 2 ಗಂಟೆಗೆ 72 ಸೆಂ.ಮೀ., 3ಕ್ಕೆ 1.24 ಮೀಟರ್, 4ಕ್ಕೆ 2.15, 5ಕ್ಕೆ 4.64. ಅದು ಸಜ್ಜಾ ಅಲ್ಲ, ವರಾಂಡ. ವರಾಂಡ ಕಟ್ಟಲು ಜಾಗ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಬರೀ ಸಜ್ಜಾದಿಂದ ಪಶ್ಚಿಮ ಗೆಲ್ಲುವ ಆಸೆ ಬಿಡಿ.

ಹಾಗಾದರೆ ಫಿನ್ ಹಾಕೋಣ ಅನ್ನುತ್ತಾರೆ. ಗೋಡೆಗೆ ನೇರವಾಗಿ ನಿಂತ ಫಿನ್‌ಗಳನ್ನು ಪಶ್ಚಿಮಕ್ಕೆ ಹಾಕಿರೋದನ್ನು ನೀವು ಎಷ್ಟೋ ಕಡೆ ನೋಡಿರುತ್ತೀರಿ. ಅದೇ ದಿನ 4 ಗಂಟೆಗೆ ಅಡ್ಡ ನೆರಳು ಕೋನ ಎಷ್ಟು? 8.5 ಡಿಗ್ರಿ. 5ಕ್ಕೆ 4 ಡಿಗ್ರಿ. ಸೂರ್ಯ ಹೆಚ್ಚು ಕಡಿಮೆ ಗೋಡೆಯ ನೇರ ಎದುರಿಗೇ ಇದ್ದಾನೆ. 20 ಸೆಂ.ಮೀ.ಗೆ ಒಂದರಂತೆ ಫಿನ್ ಇಟ್ಟರೂ ಪ್ರತಿಯೊಂದೂ 1.34 ಮೀಟರ್ ಆಳ ಇರಬೇಕಾಗುತ್ತದೆ. ಅಂದರೆ ನೇರ ಫಿನ್ ಇಲ್ಲಿ ಅಲಂಕಾರ ಅಷ್ಟೇ. ಫಿನ್ ಓರೆಯಾಗಬೇಕು.

ಯಾವ ಕಡೆಗೆ ಓರೆ? ವರ್ಷದ ಸೂರ್ಯನನ್ನು ಪ್ಲಾನ್‌ನಲ್ಲಿ ಇಟ್ಟು ನೋಡಿ. ಜೂನ್‌ನಲ್ಲಿ ಮಧ್ಯಾಹ್ನ 3ರಿಂದ ಸಂಜೆ 5ರವರೆಗೆ ಸೂರ್ಯ ನೇರ ಪಶ್ಚಿಮದಿಂದ ಉತ್ತರಕ್ಕೆ 18ರಿಂದ 20 ಡಿಗ್ರಿ ಸರಿದಿರುತ್ತಾನೆ. ಡಿಸೆಂಬರ್‌ನಲ್ಲಿ 3 ಗಂಟೆಗೆ ದಕ್ಷಿಣಕ್ಕೆ 40 ಡಿಗ್ರಿ. ದಕ್ಷಿಣದ ಕಡೆಯ ಹರವು ಉತ್ತರದ ಎರಡು ಪಟ್ಟು. ಆದ್ದರಿಂದ ದಕ್ಷಿಣಕ್ಕೆ ಬೆನ್ನು ಕೊಡಬೇಕು. ಫಿನ್‌ನ ಹೊರ ಅಂಚು ಉತ್ತರದ ಕಡೆ ವಾಲಬೇಕು. ಆಗ ದಕ್ಷಿಣದ ಕಡೆಯಿಂದ ಬರುವ ಬಿಸಿಲು ಫಿನ್‌ನ ಬೆನ್ನಿಗೆ ಬಡಿಯುತ್ತದೆ. ನಾವು ಉತ್ತರದ 20 ಡಿಗ್ರಿಯನ್ನು ಮಾತ್ರ ಲೆಕ್ಕದಿಂದ ತಡೆದರೆ ಸಾಕು.

```
L * (sin(T) - cos(T) * tan(B)) >= S
```

`T` ಅಂದರೆ ಗೋಡೆಯ ನೇರ ಗೆರೆಯಿಂದ ಫಿನ್ ಎಷ್ಟು ವಾಲಿದೆ ಅನ್ನೋದು, `L` ಫಿನ್ ಪಟ್ಟಿಯ ಅಗಲ, `B` ಫಿನ್ ವಾಲಿದ ಕಡೆಗೇ ಸೂರ್ಯ ಸರಿದಿರುವ ಕೋನ. `T` 60 ಡಿಗ್ರಿ ಇಟ್ಟುಕೊಂಡು `L`ಅನ್ನು ಅಂತರದ ಒಂದೂವರೆ ಪಟ್ಟು ಮಾಡಿದರೆ 21.7 ಡಿಗ್ರಿವರೆಗೂ ತಡೆಯುತ್ತದೆ. ನಮಗೆ ಬೇಕಾದದ್ದು 20. ಅಂತರ 20 ಸೆಂ.ಮೀ. ಇಟ್ಟರೆ ಪಟ್ಟಿ 30 ಸೆಂ.ಮೀ. ಅಗಲ. ಓರೆಯಾಗಿರುವುದರಿಂದ ಗೋಡೆಯಿಂದ ಹೊರಗೆ ಚಾಚೋದು ಬರೀ 15 ಸೆಂ.ಮೀ. 1.34 ಮೀಟರ್ ಎಲ್ಲಿ, 15 ಸೆಂ.ಮೀ. ಎಲ್ಲಿ!

60 ಸೆಂ.ಮೀ. ಸಜ್ಜಾವನ್ನು ಇಲ್ಲಿ ತೆಗೆಯಬೇಡಿ. ಜೂನ್‌ನಲ್ಲಿ ಮಧ್ಯಾಹ್ನ 1 ಗಂಟೆಗೆ ಸೂರ್ಯ ಉತ್ತರಕ್ಕೆ 33 ಡಿಗ್ರಿ ಸರಿದಿರುತ್ತಾನೆ, ಫಿನ್ ಸಂದಿಯಲ್ಲಿ ನುಗ್ಗಬಲ್ಲ. ಆದರೆ ಆಗ ಅವನು ತುಂಬಾ ಮೇಲಿದ್ದಾನೆ, 30 ಸೆಂ.ಮೀ. ಸಜ್ಜಾಗೇ ಸಿಕ್ಕಿಬೀಳುತ್ತಾನೆ. ಸುಮಾರು 1.50ರವರೆಗೆ 60 ಸೆಂ.ಮೀ. ಸಜ್ಜಾ ಕಾಯುತ್ತದೆ. ಆ ಹೊತ್ತಿಗೆ ಅಡ್ಡ ಕೋನ 22ಕ್ಕೆ ಇಳಿದು ಫಿನ್ ಕೈಗೆ ಬರುತ್ತದೆ. ಜೂನ್‌ನಲ್ಲಿ ಸಂಜೆ 5.40ರ ಹೊತ್ತಿಗೆ ಮತ್ತೆ ಕೋನ 21.7 ದಾಟುತ್ತದೆ, ಸಣ್ಣ ಬಿಸಿಲಿನ ಗೆರೆಗಳು ಒಳಗೆ ಬರುತ್ತವೆ. ಆಗ ಸೂರ್ಯ ಮುಳುಗುವ ಹತ್ತಿರ ಇರುತ್ತಾನೆ, ನಾನು ಅದನ್ನು ಬಿಟ್ಟುಬಿಡುತ್ತೇನೆ.

ಇದಕ್ಕೆ ಬೆಲೆಯೂ ಇದೆ. ನೇರ ಎದುರಿನ ನೋಟ ಪೂರ್ತಿ ಹೋಗುತ್ತದೆ, ವಾಯವ್ಯದ ಕಡೆ ಓರೆಯಾಗಿ ಮಾತ್ರ ಹೊರಗೆ ಕಾಣುತ್ತದೆ. ಎರಡು ಪಟ್ಟಿಗಳ ನಡುವಿನ ಸಂದು 10 ಸೆಂ.ಮೀ. ಅಷ್ಟೇ. ಒಳಗೆ ಬೆಳಕೂ ಕಡಿಮೆ ಆಗುತ್ತದೆ, ಆದ್ದರಿಂದ ಪಟ್ಟಿಗೆ ತಿಳಿ ಬಣ್ಣ ಬಳಿಯಿರಿ. ನೋಟ ಬೇಕೇ ಬೇಕು ಅಂದರೆ ಪಟ್ಟಿಗಳು ಮೇಲೆ ಕೆಳಗೆ ತಿರುಗುಣಿ ಮೇಲೆ ನಿಲ್ಲಲಿ, ಬೆಳಿಗ್ಗೆ ತೆರೆದಿಟ್ಟು 1 ಗಂಟೆಗೆ ತಿರುಗಿಸಬಹುದು. ಅಡ್ಡ ಲೂವರ್ ಕೂಡ ಆಗುತ್ತದೆ: 15 ಸೆಂ.ಮೀ. ಪಟ್ಟಿಯನ್ನು ಹೊರ ಅಂಚು ಕೆಳಗೆ ಮಾಡಿ 45 ಡಿಗ್ರಿ ವಾಲಿಸಿ, 10.5 ಸೆಂ.ಮೀ.ಗೆ ಒಂದರಂತೆ ಜೋಡಿಸಿದರೆ ಮುಳುಗುವ ಸೂರ್ಯನೂ ನುಗ್ಗಲ್ಲ. ಅಲ್ಲಿ ಕಾಣೋದು ಎದುರಿನ ನೆಲ ಮಾತ್ರ.

ಓರೆ ಫಿನ್ ಕೆಡೋದು ಹೆಚ್ಚಾಗಿ ಜೋಡಿಸುವಾಗ. 60ರ ಬದಲು 55 ಡಿಗ್ರಿಗೆ ಕೂತರೆ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲ್ಲ. ಆದರೆ ತಡೆಯುವ ಮಿತಿ 21.7ರಿಂದ 15 ಡಿಗ್ರಿಗೆ ಬೀಳುತ್ತದೆ, ಜೂನ್‌ನ ಮಧ್ಯಾಹ್ನ ಪೂರ್ತಿ ಬಿಸಿಲು ಒಳಗೆ ಬರುತ್ತದೆ. ಕೆಲಸದವರ ಕೈಗೆ ಡಿಗ್ರಿ ಬರೆದ ಚಿತ್ರ ಕೊಟ್ಟರೆ ಸಾಲದು. ಶಾಲೆಯ ಕಂಪಾಸ್ ಬಾಕ್ಸ್‌ನಲ್ಲಿ 30, 60 ಡಿಗ್ರಿಯ ಮೂಲೆಮಟ್ಟ ಇರುತ್ತಲ್ವಾ, ಅದೇ ಆಕಾರವನ್ನು ಪ್ಲೈವುಡ್‌ನಲ್ಲಿ ದೊಡ್ಡದಾಗಿ ಕತ್ತರಿಸಿ ಕೊಡಿ. ಪ್ರತಿ ಪಟ್ಟಿಯನ್ನೂ ಅದಕ್ಕೆ ಒರಗಿಸಿ ಬೋಲ್ಟ್ ಬಿಗಿಯಲಿ. ಕೂರಿಸಿದ ಮೇಲೆ ಕಿಟಕಿಯ ಒಳಗೆ ಗಾಜಿನ ಹತ್ತಿರ ನಿಂತು, ನೇರ ಎದುರಿನಿಂದ ಉತ್ತರಕ್ಕೆ 20 ಡಿಗ್ರಿ ತಿರುಗಿ ನೋಡಿ. ಪಟ್ಟಿಗಳ ನಡುವೆ ಆಕಾಶದ ಗೆರೆ ಕಂಡರೆ ಓರೆ ತಪ್ಪಿದೆ.

ಪೂರ್ವ, ಮತ್ತೆ ಮೂಲೆ ದಿಕ್ಕುಗಳು

ಪೂರ್ವ ಅಂದರೆ ಕನ್ನಡಿಯಲ್ಲಿ ಕಂಡ ಪಶ್ಚಿಮ. 3 ಗಂಟೆಯ ಅಂಕಿ ಅಲ್ಲಿ ಬೆಳಿಗ್ಗೆ 9ರದ್ದು, ಫಿನ್‌ನ ಹೊರ ಅಂಚು ಅಲ್ಲೂ ಉತ್ತರಕ್ಕೇ. ಬದಲಾಗೋದು ನಿಮ್ಮ ತೀರ್ಮಾನ. ಬೆಳಿಗ್ಗೆ ಗಾಳಿ ತಂಪಾಗಿರುತ್ತದೆ, ಕೋಣೆ ಇನ್ನೂ ಕಾದಿರಲ್ಲ. 9ಕ್ಕೆ ಮುಂಚಿನ ಬಿಸಿಲು ಬಂದರೆ ಬರಲಿ ಅನ್ನುವುದಾದರೆ ಮಾರ್ಚ್ 21ಕ್ಕೆ 1.24 ಮೀಟರ್ ಸಜ್ಜಾ ಒಂದೇ ಸಾಕು. ಪಶ್ಚಿಮಕ್ಕೆ ಆ ಸಡಿಲಿಕೆ ಕೊಡಲಾಗದು.

ನೈಋತ್ಯಕ್ಕೆ ಮುಖ ಮಾಡಿದ ಗೋಡೆಗೆ ಎರಡೂ ಕಡೆಯ ಕಾಟ. ಮಾರ್ಚ್ 21ರ 3 ಗಂಟೆಗೆ ಲೆಕ್ಕ ಹಾಕಿದರೆ ಅಡ್ಡ ನೆರಳು ಕೋನ 30.5, ಲಂಬ ನೆರಳು ಕೋನ 47 ಡಿಗ್ರಿ, ಸಜ್ಜಾ 1.1 ಮೀಟರ್. ದಕ್ಷಿಣದ 32 ಸೆಂ.ಮೀ. ನೆನಪಿದೆ ಅಲ್ವಾ? ಗೋಡೆ 45 ಡಿಗ್ರಿ ತಿರುಗಿದ್ದಕ್ಕೆ ಮೂರೂವರೆ ಪಟ್ಟು. ಇಂಥ ಗೋಡೆಗೆ ಅಡ್ಡ ಪಟ್ಟಿ, ನಿಲುವು ಫಿನ್ ಎರಡೂ ಸೇರಿದ ಜಾಲರಿಯೇ ದಾರಿ. ಪ್ಲಾನ್ ಇನ್ನೂ ಕಾಗದದ ಮೇಲಿದ್ದರೆ ನಾನು ಮೊದಲು ಆ ಕಿಟಕಿಯನ್ನು ಬೇರೆ ಗೋಡೆಗೆ ಸಾಗಿಸಲು ನೋಡುತ್ತೇನೆ.

ಕಟ್ಟುವ ಮುಂಚೆ ಟಾರ್ಚ್ ಹಿಡಿದು ನೋಡಿ

ಲೆಕ್ಕ ಸರಿಯೋ ತಪ್ಪೋ ಅಂತ ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ. ರಟ್ಟಿನಲ್ಲಿ ಹತ್ತನೇ ಒಂದರ ಅಳತೆಗೆ ಗೋಡೆ ಮಾಡಿ: ಕಿಟಕಿ 15 ಸೆಂ.ಮೀ. ಅಗಲ, 12 ಎತ್ತರ, ಸಜ್ಜಾ 7. ಕಿಟಕಿಗೆ ಬಿಳಿ ಕಾಗದ ಅಂಟಿಸಿ, ನೆರಳು ಎದ್ದು ಕಾಣುತ್ತದೆ. ಕತ್ತಲೆ ಕೋಣೆಯಲ್ಲಿ 3 ಮೀಟರ್ ದೂರದಿಂದ ಟಾರ್ಚ್ ಬಿಡಬೇಕು. ದಕ್ಷಿಣದ ಗೋಡೆ, ಫೆಬ್ರವರಿ 20, ಬೆಳಿಗ್ಗೆ 9 ಗಂಟೆಗೆ ಟಾರ್ಚ್ ಇರಬೇಕಾದ ಜಾಗ ಇದು: ಗೋಡೆಯಿಂದ ಮುಂದಕ್ಕೆ 1.09 ಮೀಟರ್, ಪೂರ್ವದ ಪಕ್ಕಕ್ಕೆ 2.08 ಮೀಟರ್, ಕಿಟಕಿಯಿಂದ ಮೇಲೆ 1.86 ಮೀಟರ್. ಟೇಪ್ ಹಿಡಿದು ಅಳೆದು ನಿಂತುಕೊಳ್ಳಿ. ಸಜ್ಜಾದ ನೆರಳಿನ ಕೆಳ ಅಂಚು ಸಿಲ್ ಹತ್ತಿರ ನಿಲ್ಲುತ್ತದೆ. ಪೂರ್ವದ ಮೂಲೆಯಲ್ಲಿ ಆ ಬಿಸಿಲಿನ ತ್ರಿಕೋನ ಕಣ್ಣೆದುರೇ ಮೂಡುತ್ತದೆ. ಪಕ್ಕಕ್ಕೆ 7 ಸೆಂ.ಮೀ. ಅಗಲದ ರಟ್ಟಿನ ತುಂಡು ಫಿನ್ ಥರ ಹಿಡಿಯಿರಿ, ತ್ರಿಕೋನ ಅಳಿಸಿಹೋಗುತ್ತದೆ. ಬೇರೆ ದಿನ, ಬೇರೆ ಗಂಟೆಗೂ ಹೀಗೇ ಜಾಗ ಹಾಕಬಹುದು:

```
UP    = 3 * sin(ALT)
FRONT = 3 * cos(ALT) * cos(HSA)
SIDE  = 3 * cos(ALT) * sin(HSA)
```

ಈ ಅಳತೆಗಳೆಲ್ಲ ನೇರ ಬಿಸಿಲಿಗೆ ಮಾತ್ರ. ಮೋಡದ ಬೆಳಕು, ಎದುರಿನ ಬಿಳಿ ಗೋಡೆ ಅಥವಾ ಕಾಂಕ್ರೀಟ್ ಅಂಗಳದಿಂದ ಪುಟಿದು ಬರುವ ಬಿಸಿಲು ಸಜ್ಜಾದ ಅಡಿಯಿಂದಲೇ ಬರುತ್ತದೆ. ಅದಕ್ಕೆ ಅಂಗಳದಲ್ಲಿ ಹುಲ್ಲು ಗಿಡ ಬೇಕು. ಇನ್ನೊಂದು, ಕಾದ ಫಿನ್ ಪಕ್ಕದ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಸಜ್ಜಾದ ಅಡಿ ಸಿಕ್ಕಿಕೊಂಡು ತೆರೆದ ಕಿಟಕಿಯಿಂದ ಒಳಗೆ ಬರುತ್ತದೆ. ಆದ್ದರಿಂದ ಲೋಹದ ಪಟ್ಟಿಗಳನ್ನು ಗೋಡೆಗೆ ಅಂಟಿಸದೆ, ಹಿಂದೆ ನಾಲ್ಕೈದು ಸೆಂ.ಮೀ. ಬಿಟ್ಟು ಬ್ರಾಕೆಟ್ ಮೇಲೆ ಕೂರಿಸಿ. ಆ ಸಂದಿಯಿಂದ ಪಕ್ಕದ ಬಿಸಿಲು ನುಗ್ಗದಂತೆ ಕಿಟಕಿಯ ಎರಡೂ ಅಂಚಿನ ಆಚೆಗೆ ಇನ್ನೊಂದೊಂದು ಪಟ್ಟಿ ಸೇರಿಸಿ.